ಒಂದು ಕ್ಯಾಪ್ಷನ್‌ನಲ್ಲಿ ಏಳು ಕೋರಿಕೆ: ಒಂದು ನೋಂದಣಿ ಪೋಸ್ಟಿನ ಪ್ರಕರಣ ಅಧ್ಯಯನ

ಪ್ರಚಾರದ ಕ್ಯಾಪ್ಷನ್ ಬರೆಯುವವರು ಕೊನೆಯ ಸಾಲುಗಳಿಗೆ ಬಂದಾಗ ಕೈ ಸಡಿಲ ಬಿಡುವುದು ಹೆಚ್ಚು. ಲೈಕ್ ಕೇಳಿದರೆ ನಷ್ಟವೇನು, ಜೊತೆಗೆ ಫಾಲೋ ಕೂಡ ಕೇಳಿಬಿಡೋಣ, ಯಾರಾದರೂ ಟ್ಯಾಗ್ ಮಾಡಿದರೆ ಒಳ್ಳೆಯದೇ ಅಲ್ಲವೇ ಎಂಬ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪುತ್ತದೆ, ಒಂದೇ ಕೋರಿಕೆಯನ್ನು ಆರಿಸುವುದು ಹೇಗೆ, ಎರಡು ಇರಬಹುದಾದ ಸಂದರ್ಭ ಯಾವುದು ಎಂಬುದನ್ನು ಒಂದೇ ಪೋಸ್ಟನ್ನು ಬಿಡಿಸಿ ನೋಡುತ್ತ ಹೋಗೋಣ. ಇದು ಮಾದರಿ ಪ್ರಕರಣ. ತರಗತಿ, ಕ್ಯಾಪ್ಷನ್, ಅಂಕಿಗಳು ಎಲ್ಲವನ್ನೂ ಲೆಕ್ಕ ತೋರಿಸಲೆಂದೇ ಇಟ್ಟುಕೊಂಡಿದ್ದೇವೆ. ಆದರೆ ಈ ಬಗೆಯ ಪೋಸ್ಟು ಯಾವ ಫೀಡಿನಲ್ಲಿ ಬೇಕಾದರೂ ದಿನವೂ ಸಿಗುತ್ತದೆ.

ಪ್ರಕರಣ ಹೀಗಿದೆ. ಚಿತ್ರಕಲೆ ಕಲಿಸುವ ಒಂದು ಸಣ್ಣ ತಂಡ ನಾಲ್ಕು ವಾರದ ಆನ್‌ಲೈನ್ ಜಲವರ್ಣ ತರಗತಿ ನಡೆಸುತ್ತದೆ. ಸೀಟು 40. ನೋಂದಣಿ ಶುಕ್ರವಾರ ರಾತ್ರಿ ಮುಗಿಯುತ್ತದೆ. ತಂಡದ ಇನ್‌ಸ್ಟಾಗ್ರಾಂ ಪುಟಕ್ಕೆ ಆರು ಸಾವಿರದಷ್ಟು ಫಾಲೋವರ್‌ಗಳಿದ್ದಾರೆ. ಸೋಮವಾರ ಹಾಕಿದ ಪೋಸ್ಟಿನ ಕ್ಯಾಪ್ಷನ್ ಇದು:

> ಬಣ್ಣಗಳ ಜೊತೆ ಆಟವಾಡುವ ಆಸೆ ನಿಮಗೂ ಇದೆಯಾ? ನಮ್ಮ ಆನ್‌ಲೈನ್ ಜಲವರ್ಣ ತರಗತಿ ಮತ್ತೆ ಬರ್ತಿದೆ! ಮೊದಲ ಸಲ ಬ್ರಷ್ ಹಿಡಿಯುವವರಿಗೂ ಸೂಕ್ತ. ವಾರಕ್ಕೆ ಎರಡು ದಿನ, ಸಂಜೆ 7ರಿಂದ 8. ಇಷ್ಟವಾದರೆ ಲೈಕ್ ಮಾಡಿ, ಆಮೇಲೆ ನೋಡೋಕೆ ಸೇವ್ ಮಾಡ್ಕೊಳ್ಳಿ, ಚಿತ್ರ ಬಿಡಿಸೋ ಮೂವರು ಗೆಳೆಯರನ್ನ ಟ್ಯಾಗ್ ಮಾಡಿ. ಸೇರಬೇಕು ಅನ್ನೋರು ಕೆಳಗೆ ‘ಆಸಕ್ತಿ ಇದೆ’ ಅಂತ ಕಾಮೆಂಟ್ ಮಾಡಿ ಅಥವಾ ಡಿಎಂ ಮಾಡಿ. ನೋಂದಣಿಗೆ ಬಯೋದಲ್ಲಿರೋ ಲಿಂಕ್ ನೋಡಿ. ಇನ್ನಷ್ಟು ಕಲಿಯೋಕೆ ನಮ್ಮನ್ನ ಫಾಲೋ ಮಾಡೋದು ಮರೀಬೇಡಿ. ಸೀಟು ಕಡಿಮೆ ಇವೆ!

ಓದಲು ಹಿತವಾಗಿಯೇ ಇದೆ. ಮಾತಿನ ಧಾಟಿ ಸಹಜವಾಗಿದೆ, ವಿಷಯವೂ ಇದೆ. ಎರಡು ದಿನದ ನಂತರ ಇನ್‌ಸೈಟ್ಸ್ ತೆರೆದಾಗ ಕಂಡ ಚಿತ್ರ ಇದು: ಪೋಸ್ಟು ತಲುಪಿದ್ದು 5,000 ಖಾತೆಗಳಿಗೆ, ಲೈಕ್ 210, ಕಾಮೆಂಟ್ 64, ಸೇವ್ 38. ಅದೇ ಎರಡು ದಿನದಲ್ಲಿ ಬಂದ ಡಿಎಂ 22, ಪ್ರೊಫೈಲಿಗೆ ಭೇಟಿ 90, ಬಯೋ ಲಿಂಕ್ ಒತ್ತಿದವರು 27. ನೋಂದಣಿ 6.

ಮೊದಲ ನಾಲ್ಕು ಅಂಕಿ ನೋಡಿದವರು ಪೋಸ್ಟು ಗೆದ್ದಿತು ಎನ್ನುತ್ತಾರೆ. ಕೊನೆಯ ಅಂಕಿ ನೋಡಿದವರು ತರಗತಿಗೆ ಬೇಡಿಕೆಯೇ ಇಲ್ಲ ಎನ್ನುತ್ತಾರೆ. ಎರಡೂ ಅವಸರದ ತೀರ್ಮಾನ. 64 ಕಾಮೆಂಟುಗಳಲ್ಲಿ 41 ‘ಆಸಕ್ತಿ ಇದೆ’ ಎಂಬವೇ ಆಗಿದ್ದವು ಎಂದಿಟ್ಟುಕೊಳ್ಳಿ. ಅಂದರೆ ಸೇರುವ ಮನಸ್ಸಿದ್ದವರು, ಕನಿಷ್ಠ ಅರೆಮನಸ್ಸಿನವರಾದರೂ, ಪೋಸ್ಟಿನ ಮುಂದೆ ಬಂದು ನಿಂತಿದ್ದರು. ಅವರನ್ನು ಕ್ಯಾಪ್ಷನ್ನೇ ಬೇರೆ ಕಡೆಗೆ ಕಳಿಸಿತು.

ಒಂದೊಂದು ಕೋರಿಕೆ ಓದುಗನನ್ನು ಎಲ್ಲಿಗೆ ಒಯ್ಯುತ್ತದೆ

ಕ್ಯಾಪ್ಷನ್‌ನಲ್ಲಿರುವ ಕೋರಿಕೆಗಳನ್ನು ಎಣಿಸಿದರೆ ಏಳು: ಲೈಕ್, ಸೇವ್, ಟ್ಯಾಗ್, ಕಾಮೆಂಟ್, ಡಿಎಂ, ಲಿಂಕ್, ಫಾಲೋ. ಬರಿಯ ಎಣಿಕೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪ್ರತಿ ಕೋರಿಕೆಯ ಮುಂದೆ ‘ಇದನ್ನು ಮಾಡಿದ ಮೇಲೆ ಓದುಗ ಎಲ್ಲಿರುತ್ತಾನೆ’ ಎಂದು ಬರೆದುಕೊಳ್ಳಬೇಕು. ಲೈಕ್ ಮತ್ತು ಸೇವ್ ಮಾಡಿದವನು ಪೋಸ್ಟಿನಲ್ಲೇ ಇರುತ್ತಾನೆ, ಮುಂದಿನ ಕ್ಷಣ ಬೆರಳು ಕೆಳಗಿನ ಪೋಸ್ಟಿಗೆ ಜಾರುತ್ತದೆ. ಟ್ಯಾಗ್ ಮಾಡುವವನು ಕಾಮೆಂಟ್ ಪೆಟ್ಟಿಗೆಯಲ್ಲಿ ಗೆಳೆಯರ ಹೆಸರು ಹುಡುಕುತ್ತಾನೆ. ಡಿಎಂ ಮಾಡಿದವನು ಇನ್‌ಬಾಕ್ಸಿಗೆ ಹೋಗಿ ಉತ್ತರಕ್ಕೆ ಕಾಯುತ್ತಾನೆ. ಬಯೋ ಲಿಂಕಿಗೆ ಹೋಗುವವನು ಮಾತ್ರ ನೋಂದಣಿ ಪುಟ ಮುಟ್ಟುತ್ತಾನೆ. ಏಳರಲ್ಲಿ ಆರು ದಾರಿಗಳು ನೋಂದಣಿಯ ಕಡೆ ಹೋಗುವುದೇ ಇಲ್ಲ, ಅಥವಾ ತಂಡದವರೇ ಯಾರಾದರೂ ಕೈಹಿಡಿದು ಕರೆದೊಯ್ದರೆ ಮಾತ್ರ ಹೋಗುತ್ತವೆ.

ಹೆಚ್ಚು ಆಯ್ಕೆ ಕೊಟ್ಟರೆ ಜನ ಗೊಂದಲಗೊಂಡು ಏನನ್ನೂ ಮಾಡುವುದಿಲ್ಲ ಎಂಬ ವಿವರಣೆ ಮಾರ್ಕೆಟಿಂಗ್ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಈ ಪ್ರಕರಣಕ್ಕೆ ಅದು ಹೊಂದುವುದಿಲ್ಲ. ಆಯ್ಕೆ ಹೆಚ್ಚಾದಾಗ ಏನಾಗುತ್ತದೆ ಎಂಬ ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರವಿತ್ತು. ಕೆಲವು ಸಂದರ್ಭಗಳಲ್ಲಿ ಆಯ್ಕೆ ಹೆಚ್ಚಾದದ್ದು ತೊಡಕಾಗಿತ್ತು, ಕೆಲವು ಕಡೆ ನೆರವಾಗಿತ್ತು. ನಮ್ಮ ಪೋಸ್ಟಿನಲ್ಲೂ ಜನ ಸುಮ್ಮನೆ ಕೂತಿರಲಿಲ್ಲ. ಲೈಕ್ ಒತ್ತಿದರು, ಕಾಮೆಂಟ್ ಬರೆದರು, ಸೇವ್ ಮಾಡಿದರು. ಕೇಳಿದ್ದನ್ನೇ ಮಾಡಿದರು, ಅದರಲ್ಲಿ ಅತಿ ಸುಲಭವಾದದ್ದನ್ನು ಆರಿಸಿಕೊಂಡರು.

ನಿಜವಾದ ಸಮಸ್ಯೆ ಅಲ್ಲಿದೆ. ಸುಲಭದ ಕೋರಿಕೆ ಕಷ್ಟದ ಕೋರಿಕೆಯ ಜಾಗವನ್ನು ನುಂಗುತ್ತದೆ. ‘ಆಸಕ್ತಿ ಇದೆ’ ಎಂದು ಬರೆದವರಿಗೆ ತಮ್ಮ ಕೆಲಸ ಮುಗಿಯಿತು ಎನಿಸುತ್ತದೆ. ಹೆಸರು ಕೊಟ್ಟಾಯಿತು, ಇನ್ನು ಅವರೇ ಸಂಪರ್ಕಿಸುತ್ತಾರೆ ಎಂಬ ನೆಮ್ಮದಿಯಲ್ಲಿ ಫೋನ್ ಕೆಳಗಿಡುತ್ತಾರೆ. ಅವರ ಕಡೆಯಿಂದ ನೋಡಿದರೆ ಅದು ಸರಿಯೇ, ಏಕೆಂದರೆ ಕ್ಯಾಪ್ಷನ್ ಹಾಗೆಯೇ ಹೇಳಿತ್ತು. ತಂಡದ ಕಡೆಯಿಂದ ನೋಡಿದರೆ ಅದು ನೋಂದಣಿಯೂ ಅಲ್ಲ, ಸಂಪರ್ಕ ವಿವರವೂ ಅಲ್ಲ. ಸೇವ್ ಕೂಡ ಇದೇ ಜಾತಿಗೆ ಸೇರಿದ್ದು. ಐದು ದಿನದಲ್ಲಿ ಮುಗಿಯುವ ನೋಂದಣಿಯನ್ನು ‘ಆಮೇಲೆ ನೋಡೋಕೆ’ ಇಟ್ಟುಕೊಳ್ಳಿ ಎನ್ನುವುದು ಮುಂದೂಡಲು ನಾವೇ ಕೊಡುವ ಅನುಮತಿ. ಬಣ್ಣ ಬೆರೆಸುವ ಕ್ರಮ ತೋರಿಸುವ ಪೋಸ್ಟಿನಲ್ಲಿ ಸೇವ್ ಕೇಳಿದರೆ ಅರ್ಥವಿದೆ, ಏಕೆಂದರೆ ಅದನ್ನು ಮತ್ತೆ ತೆರೆದು ನೋಡುವ ಅಗತ್ಯ ಬರುತ್ತದೆ. ಗಡುವಿರುವ ಪೋಸ್ಟಿನಲ್ಲಿ ಅದೇ ಮಾತು ಗಡುವಿಗೆ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಟ್ಯಾಗಿನ ಕೋರಿಕೆಗೆ ಇನ್ನೊಂದು ತೊಡಕಿದೆ. ಲೈಕ್, ಶೇರ್, ಟ್ಯಾಗ್, ಕಾಮೆಂಟುಗಳಿಗಾಗಿ ಒತ್ತಾಯಿಸುವ ಪೋಸ್ಟುಗಳನ್ನು ಫೀಡಿನಲ್ಲಿ ಕೆಳಗಿಳಿಸುವುದಾಗಿ ಫೇಸ್‌ಬುಕ್ 2017ರ ಡಿಸೆಂಬರಿನಲ್ಲೇ ಪ್ರಕಟಿಸಿತ್ತು. ಇದೇ ಕ್ಯಾಪ್ಷನನ್ನು ಅಲ್ಲಿಗೂ ಅಂಟಿಸಿದರೆ ‘ಮೂವರು ಗೆಳೆಯರನ್ನ ಟ್ಯಾಗ್ ಮಾಡಿ’ ಎಂಬ ಸಾಲು ಇಡೀ ಪೋಸ್ಟಿಗೇ ಭಾರವಾಗಬಹುದು. ನಿಜವಾಗಿ ಸಲಹೆ ಕೇಳುವ, ಅನುಭವ ಕೇಳುವ ಪ್ರಶ್ನೆಗಳು ಆ ಪಟ್ಟಿಗೆ ಸೇರುವುದಿಲ್ಲ.

ಡಿಎಂ ಎಂಬ ತೂತು

22 ಡಿಎಂಗಳ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಡಿಎಂ ಕಳಿಸಿದವರು ಎಲ್ಲರಿಗಿಂತ ಗಟ್ಟಿ ಆಸಕ್ತಿಯವರು, ಕೂತು ಒಂದು ವಾಕ್ಯ ಟೈಪ್ ಮಾಡಿದ್ದಾರೆ. ಆದರೆ ಅವರು ಕಳಿಸುವುದು ಬಹುಮಟ್ಟಿಗೆ ‘ವಿವರ ಕಳಿಸಿ’ ಎಂಬಷ್ಟೇ. ತಂಡದವರು ಸಂಜೆ ಉತ್ತರಿಸಿದರೆ, ಅಷ್ಟರಲ್ಲಿ ಕೇಳಿದವರ ಗಮನ ಬೇರೆಡೆ ಹೋಗಿರುತ್ತದೆ. ಅವರು ಮರುದಿನ ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಮತ್ತೆ ಅರ್ಧ ದಿನ ಹೋಗುತ್ತದೆ. ಹೀಗೆ ಎರಡು ಸುತ್ತು ಮಾತಾದ ಮೇಲೂ ಕೊನೆಗೆ ಕಳಿಸಬೇಕಾದದ್ದು ಅದೇ ನೋಂದಣಿ ಲಿಂಕು. ತಂಡ ಫಾಲೋ ಮಾಡದವರು ಕಳಿಸಿದ್ದು ಸಂದೇಶ ಕೋರಿಕೆಗಳ ಪ್ರತ್ಯೇಕ ಪಟ್ಟಿಗೆ ಹೋಗಿ ಕೂರಬಹುದು. ದಿನಕ್ಕೊಮ್ಮೆಯಾದರೂ ಆ ಪಟ್ಟಿ ತೆರೆದು ನೋಡುವ ಅಭ್ಯಾಸವಿಲ್ಲದ ತಂಡ, ಡಿಎಂ ಮಾಡಿ ಎಂದು ಬರೆಯುವ ಮುನ್ನ ಯೋಚಿಸಬೇಕು.

ಇದರರ್ಥ ಡಿಎಂ ಕೆಟ್ಟ ಕೋರಿಕೆ ಎಂದಲ್ಲ. ಒಬ್ಬೊಬ್ಬರ ಅಗತ್ಯ ಕೇಳಿಯೇ ಹೇಳಬೇಕಾದ ಸೇವೆಗಳಿಗೆ, ಉದಾಹರಣೆಗೆ ಬೇಕಾದ ಅಳತೆಯಲ್ಲಿ ಚಿತ್ರ ಬರೆದುಕೊಡುವ ಕೆಲಸಕ್ಕೆ, ಡಿಎಂ ಒಂದೇ ಸರಿಯಾದ ಕೋರಿಕೆಯಾಗಬಹುದು. ಎಲ್ಲರಿಗೂ ಒಂದೇ ವೇಳೆ, ಒಂದೇ ಶುಲ್ಕ, ಒಂದೇ ಪಠ್ಯಕ್ರಮ ಇರುವ ತರಗತಿಗೆ ಅದು ವೃಥಾ ಸುತ್ತು.

ಒಂದನ್ನು ಆರಿಸುವುದು: ಕೊನೆಯಿಂದ ಹಿಂದಕ್ಕೆ

ಯಾವ ಕೋರಿಕೆ ಉಳಿಸಿಕೊಳ್ಳಬೇಕು ಎಂಬುದನ್ನು ಕ್ಯಾಪ್ಷನ್ ನೋಡಿ ನಿರ್ಧರಿಸಲಾಗದು. ಕೆಲಸ ಪೂರ್ತಿಯಾಗುವ ಜಾಗದಿಂದ ಹಿಂದಕ್ಕೆ ನಡೆಯಬೇಕು. ಇಲ್ಲಿ ಕೆಲಸ ಪೂರ್ತಿಯಾಗುವುದು ಶುಲ್ಕ ಕಟ್ಟಿ, ತರಗತಿಯ ವಿವರ ಇಮೇಲಿಗೆ ಬಂದಾಗ. ಅದರ ಹಿಂದಿನ ಹೆಜ್ಜೆ ಫಾರಂ ತುಂಬುವುದು. ಅದರ ಹಿಂದೆ ನೋಂದಣಿ ಪುಟ ತೆರೆಯುವುದು. ಅದರ ಹಿಂದೆ ಬಯೋ ಲಿಂಕ್ ಒತ್ತುವುದು. ಅದರ ಹಿಂದೆ ಪೋಸ್ಟಿನಿಂದ ಪ್ರೊಫೈಲಿಗೆ ಹೋಗುವುದು. ಕ್ಯಾಪ್ಷನ್ ಕೇಳಬೇಕಾದದ್ದು ಈ ಸಾಲಿನಲ್ಲಿ ಓದುಗ ತಾನೇ ಮಾಡಬಲ್ಲ ಮೊದಲ ಹೆಜ್ಜೆಯನ್ನು, ಮತ್ತು ಆ ಹೆಜ್ಜೆ ಉಳಿದವುಗಳಿಗೆ ನೇರವಾಗಿ ತೆರೆದುಕೊಳ್ಳಬೇಕು.

ಇನ್‌ಸ್ಟಾಗ್ರಾಂನಲ್ಲಿ ಸಾಮಾನ್ಯ ಪೋಸ್ಟಿನ ಕ್ಯಾಪ್ಷನ್‌ನಲ್ಲಿ ಅಂಟಿಸಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದು ಬರೀ ಅಕ್ಷರಗಳಾಗಿ ಉಳಿಯುತ್ತದೆ. ಆದ್ದರಿಂದ ಬಯೋಗೆ ಕಳಿಸಲೇಬೇಕು. ಬಯೋದಲ್ಲಿ 2023ರಿಂದ ಐದು ಲಿಂಕ್‌ಗಳವರೆಗೆ ಇಡಬಹುದು. ಒಂದಕ್ಕಿಂತ ಹೆಚ್ಚು ಇಟ್ಟಾಗ ಪ್ರೊಫೈಲಿನಲ್ಲಿ ಮೊದಲನೆಯದರ ಹೆಸರು ಮಾತ್ರ ಮೇಲೆ ಕಂಡು, ಉಳಿದವುಗಳಿಗೆ ಒತ್ತಿ ಪಟ್ಟಿ ತೆರೆಯಬೇಕಾಗುತ್ತದೆ. ಹಾಗಾಗಿ ನೋಂದಣಿ ಮುಗಿಯುವವರೆಗೆ ಬಯೋದಲ್ಲಿ ಆ ಒಂದೇ ಲಿಂಕ್ ಇಡುವುದು ಉತ್ತಮ. ಅದಾಗದಿದ್ದರೆ ಅದನ್ನೇ ಮೊದಲನೆಯದಾಗಿ ಇಟ್ಟು, ‘ಜಲವರ್ಣ ನೋಂದಣಿ’ ಎಂದು ಸ್ಪಷ್ಟ ಹೆಸರು ಕೊಡಬೇಕು. ಕ್ಯಾಪ್ಷನ್‌ನಲ್ಲಿ ಕೋರಿಕೆ ಒಂದೇ ಮಾಡಿ, ಬಯೋದಲ್ಲಿ ಹಳೆಯ ವಿಡಿಯೊ, ಅಂಗಡಿ, ಇನ್ನೊಂದು ಪುಟ ಎಲ್ಲವನ್ನೂ ಬಿಟ್ಟರೆ ಹೊರಹಾಕಿದ ಗೊಂದಲ ಹಿತ್ತಲ ಬಾಗಿಲಿಂದ ಒಳಗೆ ಬರುತ್ತದೆ.

ಇನ್ನೊಂದು ಸ್ಪರ್ಧಿ ಇತ್ತು: ಕಾಮೆಂಟಿನಲ್ಲಿ ಒಂದು ಪದ ಬರೆಯಲು ಹೇಳಿ, ಬರೆದವರಿಗೆ ಲಿಂಕನ್ನು ತಾನಾಗಿ ಡಿಎಂ ಮಾಡುವ ಟೂಲ್ ಬಳಸುವುದು. ಪ್ರೊಫೈಲಿಗೆ ಹೋಗುವ ಹೆಜ್ಜೆ ಇದರಲ್ಲಿ ತಪ್ಪುತ್ತದೆ, ಕಾಮೆಂಟುಗಳೂ ಹೆಚ್ಚುತ್ತವೆ. ಆದರೆ ಟೂಲ್ ಕೈಕೊಟ್ಟ ಗಳಿಗೆಯಲ್ಲಿ ಇಡೀ ದಾರಿಯೇ ಕತ್ತರಿಸಿಹೋಗುತ್ತದೆ, ಸಂದೇಶ ಕೋರಿಕೆಗಳ ಪಟ್ಟಿಯಲ್ಲಿ ಸಿಕ್ಕಿಕೊಂಡರೆ ಓದುಗನಿಗೆ ತಿಳಿಯುವುದೂ ಇಲ್ಲ. ಅಂಥ ಟೂಲನ್ನು ಮೊದಲೇ ಹೊಂದಿಸಿ, ಬೇರೆ ಖಾತೆಯಿಂದ ಪರೀಕ್ಷಿಸಿ ನೋಡಿದ ತಂಡ ಇದನ್ನು ಆರಿಸಿಕೊಳ್ಳಬಹುದು. ಈ ಪ್ರಕರಣದ ತಂಡಕ್ಕೆ ಅದಿರಲಿಲ್ಲ, ಆದ್ದರಿಂದ ಬಯೋ ಲಿಂಕ್ ಉಳಿಯಿತು. ಎರಡನ್ನೂ ಒಟ್ಟಿಗೆ ಇಡೋಣ ಎಂಬ ಆಸೆ ಇಲ್ಲೇ ಹುಟ್ಟುತ್ತದೆ. ಹಾಗೆ ಮಾಡಿದರೆ ಯಾವ ದಾರಿಯಲ್ಲಿ ಎಷ್ಟು ಜನ ಬಂದರು, ಎಲ್ಲಿ ನಿಂತರು ಎಂಬುದೂ ಮಸುಕಾಗುತ್ತದೆ.

ತಿದ್ದಿ ಬರೆದ ಕ್ಯಾಪ್ಷನ್

> ಆನ್‌ಲೈನ್ ಜಲವರ್ಣ ತರಗತಿ, 4 ವಾರ, 40 ಸೀಟು. ಶುಕ್ರವಾರ ರಾತ್ರಿ 9ರೊಳಗೆ ಬಯೋ ಲಿಂಕಿನಲ್ಲಿ ನೋಂದಾಯಿಸಿ.
>
> ಇದುವರೆಗೆ ಬ್ರಷ್ ಹಿಡಿಯದವರಿಗಾಗಿಯೇ ಇರುವ ತರಗತಿ. ಮೊದಲ ವಾರ ನೀರಿನ ಹದ, ಎರಡನೇ ವಾರ ಬಣ್ಣ ಬೆರೆಸುವುದು, ಮೂರನೇ ವಾರ ಎಲೆ ಮತ್ತು ಹೂವು, ನಾಲ್ಕನೇ ವಾರ ನಿಮ್ಮದೇ ಒಂದು ಪೂರ್ತಿ ಚಿತ್ರ. ಮಂಗಳವಾರ ಮತ್ತು ಗುರುವಾರ ಸಂಜೆ 7ರಿಂದ 8. ತಪ್ಪಿಹೋದ ತರಗತಿಯ ರೆಕಾರ್ಡಿಂಗ್ ಎರಡು ವಾರ ಸಿಗುತ್ತದೆ.
>
> ಫಾರಂ ತುಂಬಲು ಎರಡು ನಿಮಿಷ ಸಾಕು. ಶುಲ್ಕ ಕಟ್ಟಿದ ಕೂಡಲೇ ಬೇಕಾದ ಸಾಮಗ್ರಿಗಳ ಪಟ್ಟಿ ನಿಮ್ಮ ಇಮೇಲಿಗೆ ಬರುತ್ತದೆ.
>
> ನೋಂದಣಿ: ಬಯೋದಲ್ಲಿರುವ ‘ಜಲವರ್ಣ ನೋಂದಣಿ’ ಲಿಂಕ್, ಶುಕ್ರವಾರ ರಾತ್ರಿ 9ರವರೆಗೆ.

ಕೋರಿಕೆ ಎರಡು ಕಡೆ ಬಂದಿದೆ, ಆದರೆ ಅದು ಒಂದೇ ಕೋರಿಕೆ. ಮೇಲಿನದು ಆತುರದಲ್ಲಿ ನೋಡುವವರಿಗೆ, ಕೆಳಗಿನದು ಪೂರ್ತಿ ಓದಿ ಮನಸ್ಸು ಮಾಡಿದವರಿಗೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿ ಇದ್ದರೂ ಫೀಡಿನಲ್ಲಿ ಮೊದಲಿಗೆ ಕಾಣುವುದು ಒಂದೆರಡು ಸಾಲು ಮಾತ್ರ. ಆ ಭಾಗಕ್ಕೆ ಸುಮಾರು 125 ಅಕ್ಷರ ಎಂಬ ಲೆಕ್ಕ ಬಳಕೆಯಲ್ಲಿದೆ. ಕನ್ನಡದಲ್ಲಿ ಬರೆಯುವಾಗ ಆ ಲೆಕ್ಕವನ್ನು ನಂಬಿ ಕೂರಬಾರದು. ಒತ್ತಕ್ಷರ, ಸ್ವರಚಿಹ್ನೆ, ಹಲಂತ ಚಿಹ್ನೆಗಳು ಒಂದೊಂದಾಗಿ ಎಣಿಕೆಗೆ ಬರುವುದರಿಂದ ಕಣ್ಣಿಗೆ ಮೂರಕ್ಷರವಾಗಿ ಕಾಣುವ ‘ಕ್ಯಾಪ್ಷನ್’ ಕಂಪ್ಯೂಟರಿನ ಎಣಿಕೆಯಲ್ಲಿ ಒಂಬತ್ತಾಗುತ್ತದೆ. ಪೋಸ್ಟು ಹಾಕಿದ ಮೇಲೆ ಸಣ್ಣ ಪರದೆಯ ಫೋನೊಂದರಲ್ಲಿ ತೆರೆದು, ‘ಇನ್ನಷ್ಟು’ ಒತ್ತುವ ಮುನ್ನ ಗಡುವು ಮತ್ತು ಕ್ರಿಯಾಪದ ಎರಡೂ ಕಾಣುತ್ತವೆಯೇ ಎಂದು ನೋಡಿಕೊಳ್ಳುವುದೇ ಖಾತ್ರಿ ದಾರಿ. ಮೊದಲ ಕ್ಯಾಪ್ಷನ್‌ನಲ್ಲಿ ಆ ಜಾಗವನ್ನು ಒಂದು ಪ್ರಶ್ನೆ ತಿಂದುಹಾಕಿತ್ತು, ಅದೂ ಯಾರು ಬೇಕಾದರೂ ‘ಹೌದು’ ಎಂದು ಮುಂದೆ ಹೋಗಬಹುದಾದ ಪ್ರಶ್ನೆ.

‘ಲಿಂಕ್ ನೋಡಿ’ ಎಂಬುದು ‘ಲಿಂಕಿನಲ್ಲಿ ನೋಂದಾಯಿಸಿ’ ಎಂದಾಗಿದೆ. ನೋಡುವುದಕ್ಕೆ ಗಡುವು ಅಂಟುವುದಿಲ್ಲ, ನೋಂದಾಯಿಸುವುದಕ್ಕೆ ಅಂಟುತ್ತದೆ. ‘ಸೀಟು ಕಡಿಮೆ ಇವೆ’ ಎಂಬ ತೇಲುಮಾತಿನ ಬದಲು 40 ಎಂಬ ಸಂಖ್ಯೆ ಬಂದಿದೆ. ಕಡಿಮೆ ಎಂದರೆ ಎಷ್ಟು ಎಂದು ಹೇಳದ ಅವಸರವನ್ನು ಓದುಗರು ನಂಬುವುದು ಬಿಟ್ಟು ಬಹಳ ಕಾಲವಾಗಿದೆ. ಒತ್ತಿದ ಮೇಲೆ ಏನಾಗುತ್ತದೆ ಎಂಬ ಸಾಲಿಗೆ ನಾವು ಹೆಚ್ಚು ತೂಕ ಕೊಡುತ್ತೇವೆ. ಎರಡು ನಿಮಿಷ, ಶುಲ್ಕ, ಇಮೇಲ್ ಎಂದು ಮೊದಲೇ ತಿಳಿದವರು ಫಾರಂ ಮಧ್ಯದಲ್ಲಿ ಬೆಚ್ಚಿ ವಾಪಸಾಗುವ ಸಾಧ್ಯತೆ ಕಡಿಮೆ. ಆದರೆ ಆ ಎರಡು ನಿಮಿಷ ನಿಜವಾಗಿರಬೇಕು. ಗಡಿಯಾರ ಇಟ್ಟುಕೊಂಡು ಫಾರಂ ತುಂಬಿ ನೋಡಿ. ಹೆಸರು, ಇಮೇಲ್, ಫೋನ್ ಬಿಟ್ಟು ನಾಲ್ಕನೆಯ ಪ್ರಶ್ನೆ ಇದ್ದರೆ ಅದು ಯಾಕೆ ಬೇಕು ಎಂದು ಕೇಳಿಕೊಳ್ಳಿ.

ಚಿತ್ರದ ಮೇಲಿನ ಬರಹವನ್ನೂ ಇದಕ್ಕೆ ಹೊಂದಿಸಬೇಕು. ಕ್ಯಾಪ್ಷನ್ ‘ನೋಂದಾಯಿಸಿ’ ಎನ್ನುತ್ತಿದ್ದು, ಚಿತ್ರದ ಮೂಲೆಯಲ್ಲಿ ‘ಫಾಲೋ ಮಾಡಿ’ ಎಂಬ ಹಳೆಯ ಪಟ್ಟಿ ಹಾಗೇ ಉಳಿದರೆ ಮತ್ತೆ ಎರಡು ಕೋರಿಕೆಯಾಯಿತು. ನೋಂದಣಿ ಪುಟದ ತಲೆಬರಹದಲ್ಲೂ ಪೋಸ್ಟಿನ ಮಾತೇ ಇರಲಿ: ಜಲವರ್ಣ, ನಾಲ್ಕು ವಾರ, ಶುಕ್ರವಾರದ ಗಡುವು.

ಇದೇ ಕ್ಯಾಪ್ಷನನ್ನು ಬೇರೆ ಕಡೆ ಹಾಕುವಾಗ ಕೋರಿಕೆಯ ಸಾಲನ್ನು ಬದಲಿಸಲೇಬೇಕು. ಫೇಸ್‌ಬುಕ್ ಪೋಸ್ಟಿನಲ್ಲಿ, ವಾಟ್ಸ್‌ಆ್ಯಪ್ ಸಂದೇಶದಲ್ಲಿ ಲಿಂಕ್ ನೇರವಾಗಿ ತೆರೆಯುತ್ತದೆ, ಅಲ್ಲಿ ‘ಬಯೋ ಲಿಂಕ್’ ಎಂದು ಬರೆದರೆ ಓದುಗ ಇಲ್ಲದ್ದನ್ನು ಹುಡುಕುತ್ತಾನೆ.

ಕೈಬಿಟ್ಟ ಆರು ಕೋರಿಕೆಗಳ ಗತಿ

ಕೈಬಿಟ್ಟ ಕೋರಿಕೆಗಳಿಗೆ ಬೇರೆ ದಿನ, ಬೇರೆ ಪೋಸ್ಟು ಕೊಟ್ಟರಾಯಿತು. ನೋಂದಣಿ ತೆರೆಯುವ ಹಿಂದಿನ ವಾರ ನೀರಿನ ಹದ ತೋರಿಸುವ ಪೋಸ್ಟು ಹಾಕಿ ಅಲ್ಲಿ ಸೇವ್ ಕೇಳಬಹುದು. ‘ಜಲವರ್ಣದಲ್ಲಿ ನಿಮಗೆ ಕಷ್ಟ ಎನಿಸುವುದು ಯಾವುದು’ ಎಂದು ಕೇಳುವ ಪೋಸ್ಟಿನಲ್ಲಿ ಕಾಮೆಂಟ್ ಮಾತ್ರ ಕೇಳಬಹುದು. ಆ ಉತ್ತರಗಳೇ ಮುಂದೆ ನೋಂದಣಿ ಕ್ಯಾಪ್ಷನ್‌ಗೆ ವಿಷಯವಾಗುತ್ತವೆ. ಲೈಕನ್ನು ಕೇಳುವ ಅಗತ್ಯವೇ ಇಲ್ಲ, ಇಷ್ಟವಾದವರು ಒತ್ತುತ್ತಾರೆ. ಫಾಲೋ ಕೋರಿಕೆಯ ವಿಚಾರ ಇನ್ನೂ ಸರಳ: ಈಗಾಗಲೇ ಫಾಲೋ ಮಾಡುತ್ತಿರುವವರೇ ಹೆಚ್ಚಾಗಿ ನೋಡುವ ಪೋಸ್ಟಿನಲ್ಲಿ ಅದನ್ನು ಕೇಳಿ ಒಂದು ಸಾಲು ಕಳೆಯುವುದು ಯಾತಕ್ಕೆ?

ಪ್ರಶ್ನೆಗಳು ಹೇಗೂ ಬರುತ್ತವೆ. ಅದಕ್ಕೆ ಕ್ಯಾಪ್ಷನ್‌ನಲ್ಲಿ ಡಿಎಂ ದಾರಿ ತೆರೆಯುವ ಬದಲು, ಪದೇ ಪದೇ ಬರುವ ಮೂರು ಪ್ರಶ್ನೆಗಳ ಉತ್ತರವನ್ನು ಮೊದಲ ಕಾಮೆಂಟಿನಲ್ಲಿ ಬರೆದು ಪಿನ್ ಮಾಡಿಡಿ. ಕೇಳದೆಯೂ ಡಿಎಂ ಮಾಡುವವರಿಗೆ ಕಳಿಸಲು ಎರಡು ಸಾಲಿನ ಉತ್ತರ ಲಿಂಕ್ ಸಮೇತ ಸಿದ್ಧವಿರಲಿ.

ಎರಡು ಕೋರಿಕೆ ಇರಬಹುದಾದ ಜಾಗ

ಒಂದೇ ಕೋರಿಕೆ ಎಂಬುದನ್ನು ಕಟ್ಟುನಿಟ್ಟಾಗಿ ಹಿಡಿದು ಕೂತರೆ ಕೆಲವು ಕಡೆ ಓದುಗರನ್ನೇ ಕಳೆದುಕೊಳ್ಳುತ್ತೇವೆ. ಓದುಗರು ಸ್ಪಷ್ಟವಾಗಿ ಎರಡು ಗುಂಪಾಗಿದ್ದು, ತಾನು ಯಾವ ಗುಂಪು ಎಂದು ಪ್ರತಿಯೊಬ್ಬನಿಗೂ ಕ್ಷಣದಲ್ಲಿ ತಿಳಿಯುವಂತಿದ್ದರೆ ಎರಡು ಕೋರಿಕೆ ಸಲ್ಲುತ್ತದೆ. ‘ಹೊಸಬರು ಬಯೋ ಲಿಂಕಿನಲ್ಲಿ ನೋಂದಾಯಿಸಿ. ಹಿಂದಿನ ಬ್ಯಾಚಿನಲ್ಲಿ ಕಲಿತವರು ನಿಮಗೆ ಬಂದಿರುವ ಇಮೇಲಿನಿಂದ ಸೇರಿ’ ಎಂದರೆ ಯಾರಿಗೂ ಆಯ್ಕೆಯ ಪ್ರಶ್ನೆ ಬರುವುದಿಲ್ಲ. ಪ್ರತಿಯೊಬ್ಬನಿಗೂ ಕಾಣುವುದು ಒಂದೇ ದಾರಿ.

ಇನ್ನೊಂದು, ಮೊದಲನೆಯದು ಆಗದವರಿಗೆ ಇರುವ ಎರಡನೆಯ ಮೆಟ್ಟಿಲು: ‘ಈ ಸಲ ಸಮಯವಿಲ್ಲದವರು ಅದೇ ಪುಟದ ಕೆಳಗೆ ಮುಂದಿನ ಬ್ಯಾಚಿಗೆ ಹೆಸರು ಬಿಡಿ’. ಇದಕ್ಕೆ ಎರಡು ಷರತ್ತು. ಅದು ಕ್ಯಾಪ್ಷನ್‌ನ ಕೊನೆಯಲ್ಲಿರಬೇಕು, ಮತ್ತು ದಾರಿ ಅದೇ ಲಿಂಕಿನ ಮೂಲಕವೇ ಹೋಗಬೇಕು. ಹಾಗಿದ್ದರೂ ಗಡುವು ಹತ್ತಿರವಿದ್ದು ಸೀಟು ಉಳಿದಿರುವಾಗ ಇದನ್ನು ತೆಗೆದಿಡುವುದು ಮೇಲು. ಮುಂದಿನ ಸಲವೂ ಇದೆ ಎಂದು ತಿಳಿದವನು ಈ ಸಲ ಅವಸರಪಡುವುದಿಲ್ಲ.

ಏನನ್ನೂ ಮಾರದ, ಬರೀ ಮಾತುಕತೆ ಬೆಳೆಸುವ ಅಥವಾ ಹೆಚ್ಚು ಜನರಿಗೆ ತಲುಪುವ ಉದ್ದೇಶದ ಪೋಸ್ಟುಗಳಲ್ಲಿ ‘ಸೇವ್ ಮಾಡಿ, ಬೇಕಾದವರಿಗೆ ಕಳಿಸಿ’ ಎಂದು ಎರಡು ಹೇಳಿದರೆ ದೊಡ್ಡ ಹಾನಿಯಿಲ್ಲ. ಎರಡೂ ಪೋಸ್ಟಿನಲ್ಲೇ ನಡೆಯುತ್ತವೆ, ಎರಡಕ್ಕೂ ತಗಲುವ ಶ್ರಮ ಒಂದೇ, ಒಂದು ಮಾಡಿದವರು ಇನ್ನೊಂದನ್ನೂ ಮಾಡಬಹುದು. ಪೆಟ್ಟು ಬೀಳುವುದು ಶ್ರಮದಲ್ಲಿ ದೊಡ್ಡ ಅಂತರವಿರುವ ಕೋರಿಕೆಗಳನ್ನು ಅಕ್ಕಪಕ್ಕ ಇಟ್ಟಾಗ.

ಗೆದ್ದದ್ದು ಕೋರಿಕೆಯೋ, ಬೇರೇನೋ?

ತಿದ್ದಿದ ಕ್ಯಾಪ್ಷನ್ ಬುಧವಾರ ಸಂಜೆ ಹೊಸ ಚಿತ್ರದ ಜೊತೆ ಹೋಯಿತು ಎನ್ನೋಣ. ಮತ್ತೆ ಎರಡು ದಿನದ ಲೆಕ್ಕ: ತಲುಪಿದ್ದು ಹೆಚ್ಚುಕಡಿಮೆ ಅಷ್ಟೇ ಖಾತೆಗಳಿಗೆ, ಲೈಕ್ 95, ಕಾಮೆಂಟ್ 9, ಲಿಂಕ್ ಒತ್ತಿದವರು 84, ನೋಂದಣಿ 19. ಲೈಕ್, ಕಾಮೆಂಟು ಕುಸಿದದ್ದನ್ನು ಕಂಡು ಇಲ್ಲೇ ಹಲವರು ಹೆದರಿ ಹಳೆಯ ಕ್ರಮಕ್ಕೆ ಮರಳುತ್ತಾರೆ. ಕೇಳದಿದ್ದದ್ದು ಕಡಿಮೆಯಾಗುವುದು ಸಹಜ. ನೋಂದಣಿಯ ಪೋಸ್ಟನ್ನು ಅಳೆಯಬೇಕಾದದ್ದು ನೋಂದಣಿಯಿಂದ. ಆದರೆ ಕಾಮೆಂಟು ಕಡಿಮೆಯಾದಾಗ ಪೋಸ್ಟು ತಲುಪುವ ಖಾತೆಗಳೂ ಅರ್ಧಕ್ಕೆ ಇಳಿದಿದ್ದರೆ ಅದು ಗಮನಿಸಬೇಕಾದ ಬೆಲೆ. ಆದ್ದರಿಂದ ನೋಂದಣಿಯ ಪಕ್ಕದಲ್ಲೇ ರೀಚನ್ನೂ ಬರೆದಿಡಬೇಕು.

6 ಮತ್ತು 19ರ ಅಂತರ ಆಕಸ್ಮಿಕವೇ ಎಂದು ನೋಡಲು ಒಂದು ಒರಟು ಲೆಕ್ಕವಿದೆ, ಎರಡೂ ಪೋಸ್ಟುಗಳ ರೀಚ್ ಹೆಚ್ಚುಕಡಿಮೆ ಸಮವಿದ್ದಾಗ ಅದು ಸಾಕು. ಎರಡು ಸಂಖ್ಯೆ ಕೂಡಿಸಿ ವರ್ಗಮೂಲ ತೆಗೆಯಿರಿ: 25ರ ವರ್ಗಮೂಲ 5. ಅದರ ಎರಡರಷ್ಟು 10. ಅಂತರ 13, ಅಂದರೆ ಹತ್ತಕ್ಕಿಂತ ಹೆಚ್ಚು. ಇದು ಬರೀ ಅದೃಷ್ಟದ ಏರಿಳಿತ ಇರಲಾರದು. ನೋಂದಣಿ 6ರಿಂದ 10ಕ್ಕೆ ಏರಿದ್ದರೆ? ಮೊತ್ತ 16, ವರ್ಗಮೂಲ 4, ಎರಡರಷ್ಟು 8, ಅಂತರ ಬರೀ 4. ಅದನ್ನು ಗೆಲುವು ಎನ್ನುವಂತಿಲ್ಲ, ಸೋಲು ಎನ್ನುವಂತೆಯೂ ಇಲ್ಲ.

ಅದೃಷ್ಟವಲ್ಲ ಎಂದಾದ ಮಾತ್ರಕ್ಕೆ ಕಾರಣ ಕೋರಿಕೆಯೇ ಎಂದಾಗುವುದಿಲ್ಲ. ಎರಡನೆಯ ಪೋಸ್ಟು ಗಡುವಿಗೆ ಹತ್ತಿರವಿತ್ತು, ಚಿತ್ರ ಬೇರೆಯಿತ್ತು, ಮೊದಲ ಪೋಸ್ಟು ನೋಡಿದವರು ಎರಡನೆಯದನ್ನು ಕಂಡು ಮನಸ್ಸು ಮಾಡಿರಬಹುದು. ಗಡುವಿನ ಕೊನೆಯ ದಿನಗಳಲ್ಲಿ ನೋಂದಣಿ ತಾನಾಗಿಯೇ ಏರುವುದು ಇಂಥ ತರಗತಿಗಳಲ್ಲಿ ಸಾಮಾನ್ಯ. ಇದನ್ನು ಬಿಡಿಸಲು ಮುಂದಿನ ಬ್ಯಾಚಿನ ನೋಂದಣಿಯಲ್ಲಿ ಕ್ರಮ ತಿರುಗಿಸಬೇಕು: ಒಂದೇ ಕೋರಿಕೆಯ ಕ್ಯಾಪ್ಷನ್ ಸೋಮವಾರ, ಹಲವು ಕೋರಿಕೆಯದು ಬುಧವಾರ. ಎರಡು ಸಲವೂ ಒಂದೇ ಕೋರಿಕೆಯೇ ಮುಂದಿದ್ದರೆ ನಂಬಿಕೆ ಗಟ್ಟಿಯಾಗುತ್ತದೆ. ಹಣ ಕೊಟ್ಟು ಜಾಹೀರಾತು ನಡೆಸುವವರಿಗೆ ಇದಕ್ಕಿಂತ ಶುದ್ಧ ದಾರಿಯಿದೆ. ಮೆಟಾದ ಜಾಹೀರಾತು ವ್ಯವಸ್ಥೆಯಲ್ಲಿ ಎ/ಬಿ ಪರೀಕ್ಷೆ ಆರಿಸಿದರೆ ನೋಡುಗರನ್ನು ಅದೇ ಎರಡು ಪಾಲು ಮಾಡಿ, ಒಂದೇ ಅವಧಿಯಲ್ಲಿ ಎರಡೂ ಕ್ಯಾಪ್ಷನ್ ತೋರಿಸುತ್ತದೆ. ಚಿತ್ರ, ಬಟನ್, ಪುಟ ಎಲ್ಲವನ್ನೂ ಒಂದೇ ಇಟ್ಟು ಕ್ಯಾಪ್ಷನ್ ಮಾತ್ರ ಬದಲಿಸಿದರೆ ಉತ್ತರ ಸ್ಪಷ್ಟವಾಗುತ್ತದೆ.

ಯಾವ ನೋಂದಣಿ ಎಲ್ಲಿಂದ ಬಂತು ಎಂದು ತಿಳಿಯಲು ಲಿಂಕಿಗೆ ಗುರುತು ಹಚ್ಚಬೇಕು:

```
https://example.com/jalavarna?utm_source=instagram&utm_medium=social&utm_campaign=jalavarna&utm_content=ondu_korike
```

ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಬಯೋ ಲಿಂಕ್ ಎಲ್ಲ ಪೋಸ್ಟುಗಳಿಗೂ ಸೇರಿ ಒಂದೇ. ಸೋಮವಾರದ ಪೋಸ್ಟಿನಿಂದ ಬಂದವನೂ ಬುಧವಾರದ ಪೋಸ್ಟಿನಿಂದ ಬಂದವನೂ ಅದೇ ಲಿಂಕ್ ಒತ್ತುತ್ತಾರೆ. ಆದ್ದರಿಂದ ಎರಡನೆಯ ಪೋಸ್ಟು ಹಾಕುವ ಗಳಿಗೆಯಲ್ಲೇ ಬಯೋದ ಲಿಂಕಿನ `utm_content` ಬದಲಿಸಬೇಕು. ಆಗಲೂ ಹಳೆಯ ಪೋಸ್ಟನ್ನು ತಡವಾಗಿ ಕಂಡವರು ಹೊಸ ಲೆಕ್ಕಕ್ಕೆ ಸೇರುತ್ತಾರೆ. ಸ್ಟೋರಿಯ ಲಿಂಕ್ ಸ್ಟಿಕರಿಗೆ, ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪಿಗೆ ಬೇರೆ ಬೇರೆ ಗುರುತು ಕೊಟ್ಟರೆ ಅವಾದರೂ ಬೆರೆಯುವುದಿಲ್ಲ. ಫಾರಂನಲ್ಲಿ ‘ಎಲ್ಲಿ ನೋಡಿದಿರಿ’ ಎಂಬ ಪ್ರಶ್ನೆ ಸೇರಿಸಿದರೆ ಇನ್ನೂ ನಿಖರವಾಗಬಹುದು, ಆದರೆ ಆ ನಾಲ್ಕನೆಯ ಪ್ರಶ್ನೆಗೆ ಒಂದಿಬ್ಬರು ಅರ್ಧಕ್ಕೆ ಬಿಟ್ಟು ಹೋಗುವ ಬೆಲೆ ತೆರಬೇಕಾದೀತು. 40 ಸೀಟಿನ ತರಗತಿಗೆ ಆ ಬೆಲೆ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ.

ಸಂಖ್ಯೆಗಳ ಸಾಲಿನಲ್ಲಿ ಕೋರಿಕೆಯ ಗುಣವನ್ನು ನೇರವಾಗಿ ತೋರಿಸುವುದು ಒಂದು ಜಾಗ: ಪೋಸ್ಟು ತಲುಪಿದವರಲ್ಲಿ ಲಿಂಕ್ ಒತ್ತಿದವರ ಪಾಲು. ಅದು ಏರಿ, ಒತ್ತಿದವರಲ್ಲಿ ನೋಂದಾಯಿಸಿದವರ ಪಾಲು ಹಾಗೇ ಉಳಿದರೆ ಕ್ಯಾಪ್ಷನ್ ತನ್ನ ಕೆಲಸ ಮಾಡಿದೆ. ಮೇಲಿನ ಲೆಕ್ಕದಲ್ಲಿ ಒತ್ತಿದವರು 27ರಿಂದ 84ಕ್ಕೆ ಏರಿದ್ದಾರೆ. ಅವರಲ್ಲಿ ನೋಂದಾಯಿಸಿದವರ ಪಾಲು ಎರಡೂ ಸಲ ನಾಲ್ಕರಲ್ಲಿ ಒಂದರ ಹತ್ತಿರವೇ ಇದೆ. ಒತ್ತಿದವರು ಹೆಚ್ಚಿ ನೋಂದಣಿ ಹೆಚ್ಚದಿದ್ದರೆ ಕ್ಯಾಪ್ಷನ್ ಬಿಟ್ಟು ಪುಟವನ್ನು ನೋಡಬೇಕು: ತಲೆಬರಹ ಹೊಂದುತ್ತಿಲ್ಲ, ಫಾರಂ ಉದ್ದವಿದೆ, ಇಲ್ಲವೇ ಶುಲ್ಕದ ಮಾಹಿತಿ ಅಲ್ಲಿಯೇ ಮೊದಲ ಸಲ ಕಾಣುತ್ತಿದೆ.

ಶುಕ್ರವಾರ ರಾತ್ರಿ 9 ಕಳೆದ ಮೇಲೆ ಉಳಿಯುವ ಕೆಲಸ ಇದು. ಪೋಸ್ಟು ಅಳಿಯುವುದಿಲ್ಲ, ಶನಿವಾರವೂ ಯಾರೋ ಅದನ್ನು ಕಂಡು ಬಯೋಗೆ ಹೋಗುತ್ತಾರೆ. ಕ್ಯಾಪ್ಷನ್ ತಿದ್ದಿ ಮೊದಲ ಸಾಲನ್ನು ‘ಈ ಬ್ಯಾಚಿನ ನೋಂದಣಿ ಮುಗಿದಿದೆ. ಮುಂದಿನ ಬ್ಯಾಚಿಗೆ ಬಯೋ ಲಿಂಕಿನಲ್ಲಿ ಹೆಸರು ಬಿಡಿ’ ಎಂದು ಮಾಡಿ. ಕೊನೆಯ ಸಾಲಿನ ಹಳೆಯ ಗಡುವನ್ನೂ ತೆಗೆಯಲು ಮರೆಯಬೇಡಿ. ಅದೇ ವಿಳಾಸದಲ್ಲಿ ಫಾರಂ ಬದಲು ಕಾಯುವವರ ಪಟ್ಟಿ ತೆರೆಯುವಂತೆ ಮಾಡಿ, ಆಗ ಬೇರೆ ಕಡೆ ಹಂಚಿದ ಲಿಂಕ್‌ಗಳೂ ಖಾಲಿ ಪುಟಕ್ಕೆ ಹೋಗುವುದಿಲ್ಲ.